‘ಎರಡು ಮಾತು ಬರೆದುಕೊಡಿ’ ಅಂದರೆ ಯಾರೂ ಬರೆಯುವುದಿಲ್ಲ

ಕಳೆದ ಜೂನ್‌ನಲ್ಲಿ ಮಣಿಪಾಲದ ಒಂದು ಕಚೇರಿಗೆ ಸಂದರ್ಶನಕ್ಕೆ ಹೋಗಿದ್ದೆ. ಬಿ.ಕಾಂ. ಮುಗಿಸಿದ ಮೇಲೆ ಊರಿನ ಸಣ್ಣ ಅಂಗಡಿಗಳಿಗೆ ಲೆಕ್ಕದ ಶೀಟ್ ಮಾಡಿಕೊಡುವ ಕೆಲಸ ಮಾಡುತ್ತಿದ್ದೆ. ಅನುಭವ ಅಂತ ತೋರಿಸಲು ನನ್ನಲ್ಲಿ ಇದ್ದದ್ದು ಅದೊಂದೇ. ಹಾಗಾಗಿ ಮೂವರು ಗ್ರಾಹಕರಿಂದ ಅಭಿಪ್ರಾಯ ಬರೆಸಿಕೊಂಡು ಫೈಲಿಗೆ ಸೇರಿಸಿದ್ದೆ. ‘ಒಳ್ಳೆಯ ಕೆಲಸ’, ‘ಹುಡುಗ ಪ್ರಾಮಾಣಿಕ’, ‘ತುಂಬ ಚೆನ್ನಾಗಿ ಮಾಡಿದ್ದಾರೆ, ಶುಭವಾಗಲಿ’. ಎದುರಿಗೆ ಕೂತಿದ್ದ ಮೇಡಂ ಮೂರನ್ನೂ ಓದಿ, ‘ಇದರಲ್ಲಿ ನೀವು ಏನು ಮಾಡಿದ್ದೀರಿ ಅಂತ ಎಲ್ಲಿದೆ?’ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಆ ಕೆಲಸ ಸಿಗಲಿಲ್ಲ.

ಹೆಜಮಾಡಿಗೆ ವಾಪಸ್ ಬರುವ ಬಸ್ಸಿನಲ್ಲಿ ಮೊದಲು ಸಿಟ್ಟು ಬಂದದ್ದು ಗ್ರಾಹಕರ ಮೇಲೆ. ಅಷ್ಟು ಕೆಲಸ ಮಾಡಿಕೊಟ್ಟೆ, ನಾಲ್ಕು ಸಾಲು ಸರಿಯಾಗಿ ಬರೆಯಲಿಕ್ಕೆ ಇವರಿಗೇನು ಕಷ್ಟ? ಆಮೇಲೆ ನಾನು ಹೇಗೆ ಕೇಳಿದ್ದೆ ಎಂಬುದು ನೆನಪಾಯಿತು. ಮೂವರಿಗೂ ಒಂದೇ ಮೆಸೇಜ್ ಕಳಿಸಿದ್ದೆ: ‘ನನ್ನ ಕೆಲಸದ ಬಗ್ಗೆ ಎರಡು ಮಾತು ಬರೆದುಕೊಡಿ.’ ಅವರೂ ಎರಡೇ ಮಾತು ಬರೆದಿದ್ದರು. ತೃಪ್ತಿಯಾದ ಗ್ರಾಹಕ ಒಳ್ಳೆಯ ಅಭಿಪ್ರಾಯ ಕೊಡದಿದ್ದರೆ ಹೆಚ್ಚಿನ ಸಲ ತಪ್ಪು ನಾವು ಕೇಳಿದ ರೀತಿಯದ್ದು ಎಂದು ನಾನು ಈಗ ನಂಬುತ್ತೇನೆ. ಯಾಕೆ ಎನ್ನುವುದಕ್ಕೆ ನನ್ನದೇ ಒಂದು ಪ್ರಸಂಗ ಹೇಳುತ್ತೇನೆ.

ಆ ಮೂವರಲ್ಲಿ ಒಬ್ಬರು ನಮ್ಮ ಕಡೆಯ ಶಾಮಿಯಾನದವರು. ಮದುವೆ, ನೇಮ, ಗೃಹಪ್ರವೇಶಗಳಿಗೆ ಚಪ್ಪರ, ಕುರ್ಚಿ, ಮೇಜು, ಅಡುಗೆಯ ಪಾತ್ರೆ ಬಾಡಿಗೆಗೆ ಕೊಡುತ್ತಾರೆ. ಎಷ್ಟು ಹೋಯಿತು, ಎಷ್ಟು ವಾಪಸ್ ಬಂತು ಎಂಬ ಲೆಕ್ಕ ಎಲ್ಲ ಒಂದು ಉದ್ದದ ಪುಸ್ತಕದಲ್ಲಿ ಇತ್ತು. ದೀಪಾವಳಿಯ ಮೊದಲು ನಾನು ಅವರಿಗೆ ಗೂಗಲ್ ಶೀಟ್ ಒಂದನ್ನು ಮಾಡಿಕೊಟ್ಟೆ. ತಾರೀಕು, ಯಾರ ಮನೆ, ಹೋದದ್ದು, ಬಂದದ್ದು, ಬಾಕಿ ಹಣ, ಇಷ್ಟೇ ಅದರಲ್ಲಿದ್ದದ್ದು. ಬಾಕಿ ಇರುವ ಸಾಲು ಕೆಂಪಾಗಿ ಕಾಣುತ್ತಿತ್ತು. ಲಾರಿಯ ಹುಡುಗರು ಮೊಬೈಲಿನಲ್ಲೇ ತುಂಬುತ್ತಿದ್ದರು.

ಸಂದರ್ಶನ ಮುಗಿದ ಕೆಲವು ದಿನಗಳಿಗೆ ಅವರ ಗೋಡೌನಿಗೆ ಹೋಗಿದ್ದೆ. ಪತ್ತನಾಜೆ ಕಳೆದಿತ್ತು, ನೇಮ ಕೋಲಗಳೆಲ್ಲ ಮುಗಿದಿದ್ದವು, ಹೊರಗೆ ಮಳೆ. ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ಅವರಾಗಿಯೇ ಹೇಳಿದರು: ‘ಈ ಸಲ ಕುರ್ಚಿ ಲೆಕ್ಕಕ್ಕೆ ತಲೆಬಿಸಿ ಇಲ್ಲ ಮಾರಾಯ.’ ಮನೆಗೆ ಬಂದು ಆ ರಾತ್ರಿಯೇ ಅವರಿಗೆ ಹೊಸದಾಗಿ ಒಂದು ಮೆಸೇಜ್ ಹಾಕಿದೆ:

‘ಅಣ್ಣಾ, ಇವತ್ತು ಗೋಡೌನಿನಲ್ಲಿ ಕುರ್ಚಿ ಲೆಕ್ಕಕ್ಕೆ ತಲೆಬಿಸಿ ಇಲ್ಲ ಅಂದಿರಲ್ಲ, ಅದನ್ನು ನಾನು ಕೆಲಸ ಕೇಳುವಾಗ ಬೇರೆಯವರಿಗೆ ತೋರಿಸಬಹುದಾ? ಬರೆಯುವುದು ಬೇಡ. ಮೂರು ಪ್ರಶ್ನೆ ಉಂಟು, ವಾಯ್ಸ್ ಮೆಸೇಜಿನಲ್ಲಿ ತುಳುವಿನಲ್ಲೇ ಹೇಳಿ, ಎರಡು ನಿಮಿಷ ಸಾಕು. ಒಂದು, ಶೀಟ್ ಮಾಡುವ ಮೊದಲು ಸಾಮಾನಿನ ಲೆಕ್ಕದಲ್ಲಿ ಏನು ತೊಂದರೆ ಇತ್ತು? ಎರಡು, ಈ ಸೀಸನ್‌ನಲ್ಲಿ ಏನು ಬದಲಾಯಿತು? ಒಂದು ಉದಾಹರಣೆ ನೆನಪಿದ್ದರೆ ಹೇಳಿ. ಮೂರು, ಈಗಲೂ ಸರಿ ಇಲ್ಲದ್ದು ಏನು? ನಾನು ಬರೆದು ನಿಮಗೆ ಓದಿ ಹೇಳ್ತೇನೆ. ನೀವು ಆಗಬಹುದು ಅಂದ ಮೇಲೆಯೇ ಬೇರೆಯವರಿಗೆ ತೋರಿಸುವುದು. ಭಾನುವಾರದ ಒಳಗೆ ಆದರೆ ಒಳ್ಳೆಯದು. ಬೇಡ ಅನ್ನಿಸಿದರೆ ಹಾಗೇ ಹೇಳಿ, ಬೇಜಾರಿಲ್ಲ.’

ಅರ್ಧ ಗಂಟೆಯಲ್ಲಿ ಉತ್ತರ ಬಂತು. ಎರಡಲ್ಲ, ನಾಲ್ಕು ನಿಮಿಷದ್ದು.

ಅದೇ ವ್ಯಕ್ತಿ, ಅದೇ ಕೆಲಸ. ಬದಲಾದದ್ದು ಪ್ರಶ್ನೆ ಮಾತ್ರ. ‘ನನ್ನ ಬಗ್ಗೆ ಬರೆಯಿರಿ’ ಎಂದಾಗ ನಾವು ಅವರ ಮೇಲೆ ಮೂರು ಕೆಲಸ ಹಾಕುತ್ತೇವೆ. ಏನು ಹೇಳಬೇಕು ಎಂದು ಯೋಚಿಸಬೇಕು, ಅದನ್ನು ಬರಹದ ಭಾಷೆಗೆ ತರಬೇಕು, ಸರಿಯಾಗಿದೆಯೋ ಎಂದು ಹೆದರಬೇಕು. ಪ್ರತಿದಿನ ನೂರು ಜನರೊಂದಿಗೆ ವ್ಯವಹಾರ ಮಾಡುವವರೂ ಖಾಲಿ ಹಾಳೆ ಎದುರು ‘ಶುಭವಾಗಲಿ’ ಎಂದು ಬರೆದು ತಪ್ಪಿಸಿಕೊಳ್ಳುತ್ತಾರೆ. ‘ಮೊದಲು ಏನು ತೊಂದರೆ ಇತ್ತು’ ಎಂದರೆ ಯೋಚಿಸಬೇಕಾಗಿಲ್ಲ. ತಾನು ಪಟ್ಟ ಕಷ್ಟವನ್ನು ಹೇಳಲು ಯಾರಿಗೂ ತಯಾರಿ ಬೇಡ.

ಕೇಳುವ ಸಮಯವೂ ಲೆಕ್ಕಕ್ಕೆ ಬರುತ್ತದೆ. ಮೊದಲ ಸಲ ನಾನು ಕೇಳಿದ್ದು ಕೆಲಸ ಮುಗಿಸಿ ಬಿಲ್ ಕೊಟ್ಟ ದಿನ. ಆಗ ಶೀಟ್ ಇನ್ನೂ ಒಂದು ಮದುವೆಯನ್ನೂ ನೋಡಿರಲಿಲ್ಲ. ಹೇಳಲು ಅವರ ಬಳಿ ಏನೂ ಇರಲಿಲ್ಲ. ಮಾರ್ಚ್ ಏಪ್ರಿಲ್‌ನಲ್ಲಿ ಕೇಳಿದ್ದರೆ ಫೋನ್ ನೋಡಲೂ ಅವರಿಗೆ ಪುರುಸೊತ್ತು ಇರುತ್ತಿರಲಿಲ್ಲ. ಕೆಲಸದ ಫಲ ಕಂಡ ಮೇಲೆ, ಕೈ ಬಿಡುವಾದ ಮೇಲೆ, ಅವರ ಬಾಯಿಂದಲೇ ಒಂದು ಒಳ್ಳೆಯ ಮಾತು ಬಂದ ದಿನವೇ ಕೇಳಬೇಕು. ಅವರು ಆಡಿದ ಮಾತನ್ನೇ ಮೆಸೇಜಿನ ಮೊದಲ ಸಾಲಿನಲ್ಲಿ ಇಟ್ಟರೆ, ಏನು ಬೇಕು ಎಂದು ಅವರಿಗೆ ತಕ್ಷಣ ತಿಳಿಯುತ್ತದೆ.

ಇನ್ನು ಆ ನಾಲ್ಕು ನಿಮಿಷವನ್ನು ನಾನು ಏನು ಮಾಡಿದೆ ಎನ್ನುವುದು. ಅವರು ತುಳುವಿನಲ್ಲಿ ಹೇಳಿದ್ದನ್ನು ಮೊದಲು ಪೂರ್ತಿ ಬರೆದುಕೊಂಡೆ. ಅದರಲ್ಲಿ ಲಾರಿ ಡ್ರೈವರನ ಕಥೆ, ಡೀಸೆಲ್ ದರ ಎಲ್ಲ ಇತ್ತು. ಮೂರು ಪ್ರಶ್ನೆಗೆ ಸಂಬಂಧಿಸಿದ್ದನ್ನು ಮಾತ್ರ ಉಳಿಸಿದೆ. ನನ್ನ ಮೊದಲ ಕರಡಿನಲ್ಲಿ ‘ತಲೆಬಿಸಿ ಕಡಿಮೆಯಾಯಿತು’ ಎಂಬುದು ‘ವ್ಯವಹಾರದ ದಕ್ಷತೆ ಗಣನೀಯವಾಗಿ ಹೆಚ್ಚಿದೆ’ ಎಂದಾಗಿತ್ತು. ಫೋನಿನಲ್ಲಿ ಓದಿ ಹೇಳಿದಾಗ ಅವರು ನಕ್ಕು, ‘ಇದು ಯಾರು ಹೇಳಿದ್ದು?’ ಎಂದರು. ನಾಚಿಕೆಯಾಯಿತು. ಅವರ ಮಾತನ್ನೇ ವಾಪಸ್ ಹಾಕಿದೆ. ಕೊನೆಗೆ ಉಳಿದದ್ದು ಇಷ್ಟು:

‘ಹೋದ ವರ್ಷ ಸೀಸನ್ ಮುಗಿಯುವಾಗ 40 ಕುರ್ಚಿ ಕಡಿಮೆ ಇತ್ತು. ಯಾರ ಮನೆಯಲ್ಲಿ ಉಳಿದದ್ದು ಅಂತ ಪುಸ್ತಕ ನೋಡಿದರೂ ಗೊತ್ತಾಗಲಿಲ್ಲ. ಈ ವರ್ಷ ಒಂದು ಮದುವೆಮನೆಯಿಂದ 12 ಕುರ್ಚಿ ಬಂದಿರಲಿಲ್ಲ, ಮರುದಿನವೇ ಮೊಬೈಲಿನಲ್ಲಿ ಕೆಂಪಾಗಿ ಕಂಡಿತು, ಫೋನ್ ಮಾಡಿ ತರಿಸಿದೆ. ನೆಟ್‌ವರ್ಕ್ ಇಲ್ಲದ ಕಡೆ ಹುಡುಗರಿಗೆ ತುಂಬಲು ಕಷ್ಟ, ಅದೊಂದು ಸರಿಯಾಗಬೇಕು. ಆದರೆ ಲೆಕ್ಕದ ತಲೆಬಿಸಿ ಹೋಯಿತು.’

ಕೆಳಗೆ ಅವರ ಹೆಸರು ಮತ್ತು ಅಂಗಡಿಯ ಹೆಸರು ಹಾಕಲು ಒಪ್ಪಿದರು. ಫೋನ್ ನಂಬರ್ ಬೇಡ ಎಂದರು, ಹಾಕಲಿಲ್ಲ. ಎಲ್ಲಿ ತೋರಿಸುತ್ತೇನೆ ಎಂಬುದನ್ನೂ ಹೇಳಿದೆ: ಬಯೋಡೇಟಾದಲ್ಲಿ ಮತ್ತು ನನ್ನ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ. ಒಪ್ಪಿಗೆಯನ್ನು ಮೆಸೇಜಿನಲ್ಲಿ ತೆಗೆದುಕೊಂಡೆ. ಬಾಯಿಮಾತಿನ ಒಪ್ಪಿಗೆ ಮುಂದೆ ಇಬ್ಬರಿಗೂ ಮರೆತುಹೋಗಬಹುದು.

ನೆಟ್‌ವರ್ಕಿನ ಸಾಲನ್ನು ತೆಗೆದುಬಿಡು ಎಂದು ಗೆಳೆಯನೊಬ್ಬ ಸಲಹೆ ಕೊಟ್ಟ. ನಾನು ತೆಗೆಯಲಿಲ್ಲ. ಓದುವವರು ಉಳಿದದ್ದನ್ನು ನಂಬುವುದು ಆ ಒಂದು ಸಾಲಿನಿಂದಲೇ. ಜೊತೆಗೆ ಅದರಿಂದ ನನಗೊಂದು ಕೆಲಸವೂ ಗೊತ್ತಾಯಿತು. ಇಂಟರ್‌ನೆಟ್ ಇಲ್ಲದಿದ್ದರೂ ತುಂಬುವಂತೆ ಹುಡುಗರ ಮೊಬೈಲುಗಳಲ್ಲಿ ಆಫ್‌ಲೈನ್ ವ್ಯವಸ್ಥೆ ಮಾಡಿಕೊಟ್ಟೆ.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಮೊದಲನೆಯದು, ‘ನೀನೇ ಬರೆ, ನಾನು ಸಹಿ ಹಾಕ್ತೇನೆ’ ಎಂಬ ಮಾತು. ಕೇಳಿದ್ದು ಕಷ್ಟವಾದಾಗ ಜನ ಹೀಗೆ ಹೇಳುತ್ತಾರೆ. ಒಪ್ಪಿಕೊಂಡರೆ ಅದು ಅವರ ಮಾತಾಗಿ ಉಳಿಯುವುದಿಲ್ಲ. ಯಾರಾದರೂ ಅವರಿಗೇ ಫೋನ್ ಮಾಡಿ ವಿಚಾರಿಸಿದರೆ ಅಲ್ಲಿಗೆ ಮುಗಿಯಿತು. ಹಾಗೆ ಹೇಳಿದಾಗ ಪ್ರಶ್ನೆಯನ್ನು ಇನ್ನಷ್ಟು ಸಣ್ಣದು ಮಾಡಿ, ಎದುರು ಕೂತೇ ಒಂದನ್ನು ಕೇಳಿ ಬರೆದುಕೊಳ್ಳುವುದು ಸರಿಯಾದ ದಾರಿ.

ಎರಡನೆಯದು ಡಿಸ್ಕೌಂಟ್. ‘ಒಳ್ಳೆಯದು ಬರೆದರೆ ಮುಂದಿನ ಬಿಲ್ಲಿನಲ್ಲಿ ಕಡಿಮೆ ಮಾಡ್ತೇನೆ’ ಎನ್ನುವುದು ಹೊಗಳಿಕೆಯನ್ನು ಕೊಳ್ಳುವುದಲ್ಲದೆ ಬೇರೇನಲ್ಲ. ರಿವ್ಯೂಗೆ ಪ್ರತಿಯಾಗಿ ಹಣ, ರಿಯಾಯಿತಿ ಕೊಡುವುದನ್ನು ಗೂಗಲ್ ಮ್ಯಾಪ್‌ನ ನಿಯಮಗಳೇ ಒಪ್ಪುವುದಿಲ್ಲ. ನಮ್ಮ ದೇಶದಲ್ಲಿ 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಜಾಹೀರಾತು ಮಾರ್ಗಸೂಚಿ, ಒಂದು ವಸ್ತು ಅಥವಾ ಸೇವೆಯನ್ನು ಮೆಚ್ಚಿ ಹೇಳುವವರ ಅಭಿಪ್ರಾಯ ನಿಜವಾದದ್ದಾಗಿರಬೇಕು, ಸಾಕಷ್ಟು ಮಾಹಿತಿ ಅಥವಾ ಅನುಭವದಿಂದ ಬಂದಿರಬೇಕು ಎನ್ನುತ್ತದೆ. ಮಾರುವವರಿಗೂ ಮೆಚ್ಚುವವರಿಗೂ ಇರುವ ಸಂಬಂಧ ಆ ಮೆಚ್ಚುಗೆಯ ಬೆಲೆಯನ್ನು ಬದಲಿಸುವಂತಿದ್ದರೆ ಅದನ್ನೂ ಹೇಳಬೇಕು. ಇದನ್ನು ಓದಿದ ಮೇಲೆ ನನ್ನ ಫೈಲಿನಲ್ಲಿದ್ದ ‘ಹುಡುಗ ಪ್ರಾಮಾಣಿಕ’ ಎಂಬುದನ್ನು ತೆಗೆದೆ. ಅದನ್ನು ಬರೆದದ್ದು ನನ್ನ ಸೋದರಮಾವ.

ಈ ರೀತಿ ಕೇಳಿದರೂ ಎಲ್ಲರೂ ಕೊಡುವುದಿಲ್ಲ. ಮೂರನೆಯ ಗ್ರಾಹಕರಿಗೂ ಇದೇ ರೀತಿ ಕೇಳಿದೆ, ಉತ್ತರ ಬರಲಿಲ್ಲ. ಒಂದು ವಾರ ಬಿಟ್ಟು ಒಂದೇ ಸಲ ನೆನಪಿಸಿದೆ, ಆಮೇಲೆ ಬಿಟ್ಟೆ. ವ್ಯವಹಾರ ಹೊರಗೆ ಹೇಳಿಕೊಳ್ಳಲು ಇಷ್ಟವಿಲ್ಲದವರು ಇರುತ್ತಾರೆ. ಅವರನ್ನು ಮೂರನೇ ಸಲ ಕೇಳಿದರೆ ಅಭಿಪ್ರಾಯದ ಜೊತೆ ಗ್ರಾಹಕರನ್ನೂ ಕಳೆದುಕೊಳ್ಳುತ್ತೇವೆ. ಕೆಲಸದಿಂದ ನಿಜವಾಗಿ ತೃಪ್ತಿಯಾಗದವರ ಹತ್ತಿರ ಇದನ್ನು ಕೇಳಲೇಬಾರದು. ಮೊದಲು ಕೆಲಸ ಸರಿಮಾಡಬೇಕು.

ಈಗ ನನ್ನ ಫೈಲಿನಲ್ಲಿ ಮೂರರ ಬದಲು ಒಂದೇ ಅಭಿಪ್ರಾಯ ಇದೆ. ಸ್ಟೇಟಸ್ ಹಾಕಿದ ವಾರದಲ್ಲಿ ಮೂಲ್ಕಿ ಕಡೆಯಿಂದ ಇನ್ನೊಬ್ಬ ಶಾಮಿಯಾನದವರು ಫೋನ್ ಮಾಡಿದರು. ನಾನು ಏನು ಓದಿದ್ದೇನೆ, ಎಷ್ಟು ಅನುಭವ ಎಂದು ಕೇಳಲಿಲ್ಲ. ‘ಆ 12 ಕುರ್ಚಿ ವಾಪಸ್ ಬಂದದ್ದು ಹೌದಾ?’ ಎಂದು ಕೇಳಿದರು. ಹೌದು ಎಂದೆ. ‘ಹಾಗಾದರೆ ನಮ್ಮ ಪಾತ್ರೆಯ ಲೆಕ್ಕ ಒಮ್ಮೆ ಬಂದು ನೋಡಿ’ ಎಂದರು.