ಮೊದಲು ತಿದ್ದಬೇಕಾದದ್ದು ‘ಇಲ್ಲ’

ಹೊರಗಿನಿಂದ ಬಂದವರು ಕನ್ನಡ ಕಲಿಯಲೇಬೇಕು. 2025ರ ಮೇ ತಿಂಗಳಲ್ಲಿ ಬೆಂಗಳೂರು ಹೊರವಲಯದ ಬ್ಯಾಂಕ್ ಅಧಿಕಾರಿಯೊಬ್ಬರು ಕನ್ನಡ ಮಾತಾಡಲ್ಲ ಎಂದಾಗ ನಾಡಿನ ಸಿಟ್ಟು ನ್ಯಾಯವಾಗಿಯೇ ಇತ್ತು. ಆದರೆ ಕಲಿಯಲು ಹೊರಟವರು ನಾಲ್ಕು ಸಾಲು ಬರೆದರೆ ನಾವು ಏನು ಮಾಡುತ್ತೇವೆ? ‘ನಾಳೆ’ ಎಂಬುದನ್ನು ‘ನಾಲೆ’ ಎಂದು ಬರೆದರೆಂದು ನಗುತ್ತೇವೆ. ಈ ಚಾಳಿ ಕನ್ನಡಕ್ಕೆ ದ್ರೋಹ.

ಮೈಸೂರಿನ ಅಶೋಕಪುರಂನ ರೈಲ್ವೆ ಕಾರ್ಯಾಗಾರದಂಥ ಜಾಗಕ್ಕೆ ಹಿಂದಿ ಸೀಮೆಯಿಂದ ಬಂದ ನೌಕರರೊಬ್ಬರು ರಜೆ ಚೀಟಿ ಬರೆದರೆಂದು ಇಟ್ಟುಕೊಳ್ಳಿ: ‘ನಿನ್ನೆ ಬಸ್ಸು ಬಂದಳು ಇಲ್ಲ. ಅದಕ್ಕೆ ನಾನು ಕೆಲಸಕ್ಕೆ ಬಂದೆ ಇಲ್ಲ. ಮಗಳಿಗೆ ಜ್ವರ ಇದೆ. ನಾಲೆಯೂ ಬರುತ್ತೇನೆ ಇಲ್ಲ.’

ಕೆಂಪು ಪೆನ್ನು ಮೊದಲು ಓಡುವುದು ‘ನಾಲೆ’ಯ ಕಡೆಗೆ. ಹಿಂದಿಯಲ್ಲಿ ‘ಳ’ ಇಲ್ಲ. ‘ನಾಲೆ’ ಎಂಬುದು ಕಿವಿ ಪಳಗಿ, ಒಂದೊಂದೇ ಪದವಾಗಿ ಸರಿಹೋಗಬೇಕಾದ ತಪ್ಪು. ಇಲ್ಲಿ ಯಾವ ನಿಯಮ ಹೇಳಿಕೊಟ್ಟರೂ ‘ಹಳ್ಳಿ’ ಯಾವುದು, ‘ಹಲ್ಲಿ’ ಯಾವುದು ಎಂದು ಗೊತ್ತಾಗುವುದಿಲ್ಲ. ರಜೆ ಚೀಟಿಯಲ್ಲಿ ‘ನಾಲೆ’ ಓದಿ ಕಾಲುವೆ ಎಂದುಕೊಳ್ಳುವವರೂ ಇಲ್ಲ.

ಇನ್ನು ‘ಇಲ್ಲ’ವನ್ನು ನೋಡಿ. ನಾಲ್ಕು ಸಾಲಿನಲ್ಲಿ ಮೂರು ಸಲ ಒಂದೇ ತಪ್ಪು. ಹಿಂದಿಯಲ್ಲಿ ಕ್ರಿಯಾಪದವನ್ನು ಹಾಗೇ ಉಳಿಸಿ ‘ನಹೀ’ ಸೇರಿಸಿದರೆ ಸಾಕು. ಕನ್ನಡದಲ್ಲಿ ಹಾಗಲ್ಲ. ನಡೆದುಹೋದದ್ದಕ್ಕೆ ‘ಬರಲು’ ಜೊತೆ ‘ಇಲ್ಲ’ ಸೇರಿ ‘ಬರಲಿಲ್ಲ’, ಮುಂದಿನದಕ್ಕೆ ‘ಬರುವುದು’ ಜೊತೆ ಸೇರಿ ‘ಬರುವುದಿಲ್ಲ’. ನಾನು, ನೀನು, ಅವಳು, ಬಸ್ಸು, ಯಾರೇ ಆದರೂ ರೂಪ ಒಂದೇ. ಇಷ್ಟನ್ನು ಹತ್ತು ಕ್ರಿಯಾಪದಗಳ ಮೇಲೆ ಬರೆಸಿದರೆ ಮೂರು ಸಾಲೂ ನೆಟ್ಟಗಾಗುತ್ತವೆ. ಹಿಂದಿಯಲ್ಲಿ ಬಸ್ಸು ಸ್ತ್ರೀಲಿಂಗವಾದ್ದರಿಂದ ಬಂದ ‘ಬಂದಳು’ ಕೂಡ ಇಲ್ಲಿ ತಾನಾಗಿ ಮಾಯವಾಗುತ್ತದೆ. ‘ಬಸ್ಸು ಬಂತು’ ಎಂಬ ಪಾಠ ಮುಂದಿನ ವಾರಕ್ಕಿರಲಿ. ‘ಬಂದಿಲ್ಲ’, ‘ಬರಲಿಲ್ಲ’ಗಳ ನಡುವಿನ ವ್ಯತ್ಯಾಸ ಇನ್ನೂ ತಡವಾಗಿ ಬರಲಿ. ಮೂರನ್ನೂ ಒಟ್ಟಿಗೆ ಸುರಿದರೆ ಒಂದೂ ನಿಲ್ಲುವುದಿಲ್ಲ.

ತಿದ್ದುವುದೇ ವ್ಯರ್ಥ ಎಂದವರೂ ಇದ್ದಾರೆ. 1996ರಲ್ಲಿ ಭಾಷಾ ಸಂಶೋಧಕ ಜಾನ್ ಟ್ರಸ್ಕಾಟ್ ಎರಡನೇ ಭಾಷೆಯ ಬರಹದಲ್ಲಿ ವ್ಯಾಕರಣ ತಿದ್ದುವುದನ್ನೇ ಕೈಬಿಡಿ ಎಂದು ವಾದಿಸಿದರು. 1999ರಲ್ಲಿ ಡಾನಾ ಫೆರಿಸ್ ಅದಕ್ಕೆ ಉತ್ತರ ಕೊಡುತ್ತಾ, ನಿಯಮ ಹೇಳಿ ಸರಿಪಡಿಸಬಹುದಾದ ತಪ್ಪು ಬೇರೆ, ಪದಪದವಾಗಿ ರೂಢಿಯಾಗಬೇಕಾದ್ದು ಬೇರೆ ಎಂದು ವಿಂಗಡಿಸಿದರು. ನಾನು ಫೆರಿಸ್ ಪಕ್ಷ. ಪುಟವೆಲ್ಲ ಕೆಂಪಾದರೆ ಕಲಿಯುವವರು ಯಾವುದನ್ನು ನೋಡಬೇಕು?

ಉಚ್ಚಾರಣೆಗೆ ನಗುವ ಚಾಳಿ ನಮಗೆ ಹೊಸದಲ್ಲ. ‘ಅ’, ‘ಹ’ ಅದಲುಬದಲು ಹಳೇ ಮೈಸೂರಿನ ಎಷ್ಟೋ ಕನ್ನಡಿಗರ ಮನೆಮಾತಿನಲ್ಲೇ ಇದೆ. ಅದನ್ನು ಹಿಡಿದು ಹೀಯಾಳಿಸುವ ಹಟ ನಮ್ಮವರ ಬಾಯನ್ನೇ ಮುಚ್ಚಿಸಿದೆ. ಹೊಸಬರಿಗೂ ಅದೇ ಶಿಕ್ಷೆ ಬೇಡ. ಕನ್ನಡ ಕಲಿಸುವ ಮೇಷ್ಟ್ರುಗಳೇ, ಮೊದಲ ತಿಂಗಳು ಕೆಂಪು ಪೆನ್ನನ್ನು ‘ಇಲ್ಲ’ದ ಮೇಲೆ ಮಾತ್ರ ಇಡಿ.