ಯಾವುದು ಮೊದಲೋ ಅದು: ಗಾಡಿ ಸರ್ವಿಸ್‌ಗೆ ಎರಡು ಲೆಕ್ಕ ಬೇಕು

ನಮ್ಮ ಮನೆಯಲ್ಲಿ ಎರಡು ಗಾಡಿ ಇವೆ. ಸುದ್ದಿಗೆಂದು ತಾಲ್ಲೂಕು ಸುತ್ತುವ ನಮ್ಮ ಬೈಕ್ ದಿನಕ್ಕೆ ಸುಮಾರು 60 ಕಿ.ಮೀ. ಓಡುತ್ತದೆ. ಡೈರಿಗೆ, ತೋಟಕ್ಕೆ ಹೋಗಿಬರುವ ಅಪ್ಪನ ಸ್ಕೂಟರ್ ದಿನಕ್ಕೆ 5 ಕಿ.ಮೀ. ದಾಟುವುದಿಲ್ಲ. ಎರಡನ್ನೂ ಒಂದೇ ದಿನ ಸರ್ವಿಸ್ ಮಾಡಿಸಿದ್ದೆವು. ಆರು ತಿಂಗಳಾದ ಮೇಲೆ ಎರಡಕ್ಕೂ ಒಂದೇ ದಿನ ಮೆಸೇಜ್ ಬಂತು: ಸರ್ವಿಸ್ ಮಾಡಿಸುವ ಸಮಯವಾಗಿದೆ, ಗಾಡಿ ತನ್ನಿ.

ಆ ಹೊತ್ತಿಗೆ ಸ್ಕೂಟರ್ ಓಡಿದ್ದು 900 ಕಿ.ಮೀ., ಬೈಕ್ ಓಡಿದ್ದು 10,800 ಕಿ.ಮೀ.

ಎರಡೂ ಗಾಡಿಯ ಪುಸ್ತಕದಲ್ಲಿ ಇರುವುದು ಒಂದೇ ಮಾತು: 3,000 ಕಿ.ಮೀ. ಅಥವಾ 6 ತಿಂಗಳು, ಯಾವುದು ಮೊದಲೋ ಅದು. ಹಾಗೆ ನೋಡಿದರೆ ಬೈಕಿನ ಸರ್ವಿಸ್ 50ನೇ ದಿನಕ್ಕೇ ಬಂದಿತ್ತು. ಮೆಸೇಜ್ ಕಾಯುತ್ತಾ ಕೂತು ನಾವು ಮೂರು ಸರ್ವಿಸ್ ತಪ್ಪಿಸಿದ್ದೆವು. ಅಪ್ಪನದು ಇನ್ನೊಂದು ವಾದ: "ಒಂದು ಸಾವಿರವೂ ಓಡಿಲ್ಲ, ಇದಕ್ಕೇನು ಸರ್ವಿಸ್? ದುಡ್ಡು ಕೀಳೋಕೆ ಕರೀತಾರೆ." ನಮ್ಮ ಲೆಕ್ಕವೂ ತಪ್ಪು, ಅಪ್ಪನ ಲೆಕ್ಕವೂ ತಪ್ಪು.

ಹೆಚ್ಚು ಓಡುವ ಗಾಡಿಯಲ್ಲಿ ಆಯಿಲ್ ಕಾದು ಕಾದು ತೆಳುವಾಗುತ್ತದೆ, ಮಸಿಯೂ ಸವೆದ ಲೋಹದ ಪುಡಿಯೂ ಅದರಲ್ಲಿ ಸೇರುತ್ತವೆ. ಇದು ಎಲ್ಲರಿಗೂ ಗೊತ್ತು. ಕಡಿಮೆ ಓಡುವ ಗಾಡಿಯ ಕಾಯಿಲೆ ಬೇರೆ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಅದು ಹೊರಗೆ ಹೋಗುತ್ತದೆ. ಎರಡು ಕಿ.ಮೀ. ಹೋಗಿ ನಿಲ್ಲಿಸಿದರೆ ಒಳಗೇ ತಣಿದು ನೀರಾಗಿ ಆಯಿಲ್ ಜೊತೆ ಸೇರುತ್ತದೆ. ಉರಿಯದೆ ಉಳಿದ ಪೆಟ್ರೋಲೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಅಪ್ಪನ ಸ್ಕೂಟರಿನ ಆಯಿಲ್ ಮುಚ್ಚಳ ಬಿಚ್ಚಿದಾಗ ಒಳಬದಿಯಲ್ಲಿ ಹಾಲು ಹಾಕಿದ ಕಾಫಿಯಂಥ ಬಣ್ಣದ ಕೆನೆ ಮೆತ್ತಿಕೊಂಡಿತ್ತು. ಅದೇ ನೀರಿನ ಗುರುತು. ಡಿಸ್ಕ್ ಬ್ರೇಕ್ ಇದ್ದರೆ ಅದರ ಬ್ರೇಕ್ ಆಯಿಲ್ ಕೂಡ ಗಾಡಿ ನಿಂತಿದ್ದರೂ ಗಾಳಿಯ ತೇವ ಹೀರುತ್ತದೆ. ಎಷ್ಟೇ ಕಡಿಮೆ ಓಡಿದ್ದರೂ ಅದನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಹಾಗಾದರೆ ನಿಮ್ಮ ಗಾಡಿಗೆ ಯಾವುದು ಮೊದಲು ಬರುತ್ತದೆ? ಒಂದು ಸಣ್ಣ ಭಾಗಾಕಾರ ಸಾಕು. ಪುಸ್ತಕದಲ್ಲಿರುವ ಕಿ.ಮೀ.ಯನ್ನು ದಿನಗಳಿಂದ ಭಾಗಿಸಿ. ನಮ್ಮ ಗಾಡಿಗಳಿಗೆ 3,000ವನ್ನು 180ರಿಂದ ಭಾಗಿಸಿದರೆ ಸುಮಾರು 17. ದಿನಕ್ಕೆ 17 ಕಿ.ಮೀ.ಗಿಂತ ಹೆಚ್ಚು ಓಡಿಸುವವರು ಮೀಟರ್ ನೋಡಬೇಕು. ಕಡಿಮೆ ಓಡಿಸುವವರು ಕ್ಯಾಲೆಂಡರ್ ನೋಡಬೇಕು. ಪುಸ್ತಕದ ಅಂಕಿ ಗಾಡಿಯಿಂದ ಗಾಡಿಗೆ ಬೇರೆ, ನಿಮ್ಮದನ್ನೇ ತೆಗೆದು ನೋಡಿ.

ಮೀಟರ್ ನಂಬುವವರು ಇನ್ನೊಂದು ಗಮನಿಸಬೇಕು. ನಮ್ಮ ಊರುಗಳಲ್ಲಿ ಮೀಟರ್ ಕೇಬಲ್ ತುಂಡಾದ ಹಳೇ ಬೈಕುಗಳು ಬೇಕಾದಷ್ಟಿವೆ. ಮುಳ್ಳು ಏಳದಿದ್ದರೆ ಅಂಕಿಯೂ ತಿರುಗುವುದಿಲ್ಲ. ಅಂಥ ಗಾಡಿಗೆ ಕೇಬಲ್ ಹಾಕಿಸುವವರೆಗೂ ತಾರೀಕೊಂದೇ ಗತಿ.

ಹೊಸ ಗಾಡಿಯಲ್ಲಿ ಈ ಲೆಕ್ಕ ತಪ್ಪಿದರೆ ದುಡ್ಡೂ ಹೋಗುತ್ತದೆ. ಫ್ರೀ ಸರ್ವಿಸ್ ಕೂಪನ್ನಿಗೂ ಇದೇ ಷರತ್ತು. ಮೊದಲ ಸರ್ವಿಸ್‌ಗೆ ಸಾಮಾನ್ಯವಾಗಿ ಒಂದೂವರೆ ತಿಂಗಳೊಳಗಿನ ಗಡುವು ಇರುತ್ತದೆ. ಪರಿಚಯದವರೊಬ್ಬರು "ಇನ್ನೂ 300 ಕಿ.ಮೀ. ಆಗಿದೆ" ಎಂದು ಮೂರು ತಿಂಗಳು ಬಿಟ್ಟು ಹೋದರು. ಕೂಪನ್ ನಡೆಯಲಿಲ್ಲ, ಕೈಯಿಂದ ಕಟ್ಟಿ ಬಂದರು. ಮುಂದೆ ಎಂಜಿನ್ನಿಗೆ ಏನಾದರೂ ಆದರೆ ವಾರಂಟಿ ಕೇಳುವಾಗಲೂ ಈ ತಪ್ಪಿದ ಸರ್ವಿಸ್ಸನ್ನೇ ತೋರಿಸಬಹುದು.

ತಪ್ಪು ಗಾಡಿಯವರದ್ದೊಂದೇ ಅಲ್ಲ ಎಂಬುದು ನಮ್ಮ ಮಾತು. ನಮ್ಮಂಥ ಗಾಡಿ ಸರ್ವಿಸ್ಸಿಗೆ ಬಂದ ದಿನ ಮಾತ್ರ ಶೋರೂಮಿನವರಿಗೆ ಮೀಟರ್ ಕಾಣುತ್ತದೆ. ಆಮೇಲೆ ಅವರ ಕೈಲಿರುವುದು ತಾರೀಕು ಮಾತ್ರ. ಹಾಗಾಗಿ ಮೆಸೇಜಿನಲ್ಲಿ ಅರ್ಧ ಮಾತೇ ಬರುತ್ತದೆ. "ನಿಮ್ಮ ಮೀಟರ್ ಇಷ್ಟು ತೋರಿಸಿದಾಗ, ಅಥವಾ ಈ ತಾರೀಕಿಗೆ, ಯಾವುದು ಮೊದಲೋ ಆಗ ಬನ್ನಿ" ಎಂದು ಸರ್ವಿಸ್ ಆದ ದಿನವೇ ಕನ್ನಡದಲ್ಲಿ ಕಳಿಸಲು ಏನು ಕಷ್ಟ? ಕಳೆದ ಸರ್ವಿಸ್ಸಿನ ಮೀಟರ್ ಅಂಕಿ ಅವರ ಬಿಲ್ಲಿನಲ್ಲೇ ಇರುತ್ತದೆ.

ಅವರು ಕಳಿಸುವವರೆಗೆ ನಾವೇ ಬರೆದುಕೊಳ್ಳೋಣ. ನಮ್ಮ ಬೈಕಿನ ಟ್ಯಾಂಕ್ ಮೇಲೆ ಈಗ ಮುಂದಿನ ಸರ್ವಿಸ್ಸಿನ ಮೀಟರ್ ಅಂಕಿ ಬರೆದ ಚೀಟಿ ಅಂಟಿಸಿದ್ದೇವೆ. ಅಪ್ಪನ ಸ್ಕೂಟರಿನ ತಾರೀಕು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಬಂದ ದಿನದ ಪಕ್ಕದಲ್ಲೇ ಇದೆ.