ಶುಲ್ಕದ ಪಟ್ಟಿಗೂ ರಸೀದಿಗೂ ಹೊಂದಿಕೆಯಿದೆಯೇ?

ಸ್ವಾಮಿಗಳೂ ಸಿಸ್ಟರ್‌ಗಳೂ ನಡೆಸುವ ಶಾಲೆಯಲ್ಲಿ ಶುಲ್ಕದ ಲೆಕ್ಕ ಕೇಳುವುದೆಂದರೆ ಹುಬ್ಬಳ್ಳಿ-ಧಾರವಾಡದ ನಮ್ಮ ಕುಟುಂಬಗಳಿಗೆ ಇಂದಿಗೂ ಸಂಕೋಚ. ಅದು ಅವಿಶ್ವಾಸವೆನಿಸೀತೆಂಬ ಅಳುಕು. ಆದರೆ ರಸೀದಿಯಲ್ಲಿ ತಪ್ಪು ನುಸುಳಲು ದುರುದ್ದೇಶವೇ ಬೇಕೆಂದಿಲ್ಲ. ರಿಯಾಯಿತಿಯ ಅರ್ಜಿ ತಡವಾಗಿ ದಾಖಲಾದರೂ ಸಾಕು.

ಒಂದು ಉದಾಹರಣೆ ನೋಡೋಣ. ಹೆಬ್ಬಳ್ಳಿಯ ಮನೆಯೊಂದರ ಇಬ್ಬರು ಮಕ್ಕಳು ಧಾರವಾಡದ ಒಂದೇ ಶಾಲೆಯಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಬೋಧನಾ ಶುಲ್ಕ ವರ್ಷಕ್ಕೆ 24,000 ರೂಪಾಯಿ, ಮೂರು ಸಮಕಂತು. ಎರಡನೆಯ ಮಗುವಿಗೆ ಶೇಕಡಾ 10 ರಿಯಾಯಿತಿ. ಹಾಗಾದರೆ ಕಿರಿಯನ ವರ್ಷದ ಶುಲ್ಕ 21,600, ಪ್ರತಿ ಕಂತು 7,200. ಆದರೆ ಅವನ ರಸೀದಿಗಳಲ್ಲಿ 8,000, 7,200, 7,200 ಎಂದಿದೆ. ಜೂನ್ ತಿಂಗಳಲ್ಲಿ ಅರ್ಜಿ ಇನ್ನೂ ಮಂಜೂರಾಗಿರಲಿಲ್ಲ. ಮುಂದೆ ಯಾರೂ ಹಿಂದಿರುಗಿ ನೋಡಲಿಲ್ಲ. ಒಂದೊಂದೇ ರಸೀದಿ ನೋಡಿದರೆ ಎಲ್ಲವೂ ಸರಿಯೇ. ಮೂರನ್ನೂ ಕೂಡಿಸಿದಾಗ ಮಾತ್ರ 800 ರೂಪಾಯಿ ಹೆಚ್ಚಾದದ್ದು ಕಾಣುತ್ತದೆ. ಕೆಲವು ಶಾಲೆಗಳು ರಿಯಾಯಿತಿಯನ್ನೆಲ್ಲ ಕೊನೆಯ ಕಂತಿನಲ್ಲಿ ಕಳೆಯುವುದುಂಟು. ಅಲ್ಲಿ ಕಡೆಯ ರಸೀದಿ 5,600 ಇರಬೇಕು. ಆದ್ದರಿಂದ ವರ್ಷ ಮುಗಿಯುವ ಮುನ್ನ ತೀರ್ಪು ಕೊಡುವುದೂ ಸಲ್ಲದು.

ದಂಡವನ್ನು ಈ ಮೊತ್ತದೊಳಗೆ ಬೆರೆಸದೆ ಪ್ರತ್ಯೇಕವಾಗಿ ಬರೆದುಕೊಳ್ಳಬೇಕು. ಗಡುವು ಸೆಪ್ಟೆಂಬರ್ 10, ಹತ್ತು ದಿನಗಳ ವಿನಾಯಿತಿ, ಆಮೇಲೆ ದಿನಕ್ಕೆ 20 ರೂಪಾಯಿ ಎಂದಿದ್ದು, 24ರಂದು ಹಣ ಕಟ್ಟಿದರೆ ದಂಡವೆಷ್ಟು? ವಿನಾಯಿತಿಯ ದಿನಗಳನ್ನು ಬಿಟ್ಟರೆ 80. ಗಡುವಿನಿಂದಲೇ ಎಣಿಸಿದರೆ 280. ಎರಡೂ ಪದ್ಧತಿಗಳಿವೆ, ಸುತ್ತೋಲೆಯ ವಾಕ್ಯವೇ ನಿರ್ಣಾಯಕ. ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಕಂತಿನ 7,200 ಮಾತ್ರ ಕಟ್ಟಿದಾಗ ಕಚೇರಿ ಮೊದಲು 80 ದಂಡವನ್ನು ಮುರಿದುಕೊಂಡರೆ, ಶುಲ್ಕದಲ್ಲಿ 80 ಬಾಕಿ ಉಳಿದು ಅದರ ಮೇಲೆ ಮತ್ತೆ ದಂಡ ಬೆಳೆಯುತ್ತದೆ. ರಸೀದಿಯಲ್ಲಿ 'ಹಿಂದಿನ ಬಾಕಿ' ಎಂಬ ಮಾತು ಕಂಡೊಡನೆ ವಿವರ ಕೇಳುವುದು ಒಳಿತು. ಹಣ ಬ್ಯಾಂಕಿನ ಮೂಲಕ ಹೋಗಿದ್ದರೆ ರಸೀದಿ ಬರೆದ ದಿನವಲ್ಲ, ಖಾತೆಯಿಂದ ಹಣ ಸಂದ ದಿನವನ್ನು ತೋರಿಸಬೇಕು.

ಹಳೆಯ ರಸೀದಿಗಳನ್ನು ಎಸೆಯಬಾರದೆಂಬುದಕ್ಕೆ ಕೊರೋನಾ ಕಾಲವೇ ಸಾಕ್ಷಿ. ಖಾಸಗಿ ಶಾಲೆಗಳು 2020-21ರ ಸಾಲಿಗೆ 2019-20ರ ಶುಲ್ಕದಲ್ಲಿ ಶೇಕಡಾ 15 ಕಡಿಮೆ ಪಡೆಯಬೇಕೆಂದು ನಮ್ಮ ಹೈಕೋರ್ಟು 2021ರ ಸೆಪ್ಟೆಂಬರಿನಲ್ಲಿ ಹೇಳಿತು. ಹಿಂದಿನ ವರ್ಷದ ರಸೀದಿ ಇಲ್ಲದ ಪಾಲಕರು ಯಾವ ಮೊತ್ತದ ಮೇಲೆ ಶೇಕಡಾ 15 ಎಣಿಸಬೇಕು?

ಶಾಲೆಗಳಿಗೂ ನಮ್ಮದೊಂದು ವಿನಂತಿ: ರಸೀದಿಯಲ್ಲಿ ಒಟ್ಟು ಶುಲ್ಕ, ರಿಯಾಯಿತಿ, ದಂಡ, ಉಳಿದ ಬಾಕಿ ಇವು ಬೇರೆ ಬೇರೆ ಸಾಲುಗಳಲ್ಲಿರಲಿ. ಹೆಚ್ಚು ಸಂದಾಯವಾದದ್ದು ಕಂಡುಬಂದರೆ ಪಾಲಕರು ರಸೀದಿಗಳ ಪ್ರತಿಯೊಡನೆ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸಿ, ಮುಂದಿನ ಕಂತಿನಲ್ಲಿ ಅದನ್ನು ಹೊಂದಿಸುವಂತೆ ಕೋರಲಿ. ಪತ್ರ ತಲುಪಿದ್ದಕ್ಕೆ ತಮ್ಮ ಪ್ರತಿಯ ಮೇಲೆ ಕಚೇರಿಯ ಮುದ್ರೆ ಪಡೆಯಲಿ.